ಜಾಬ್ ಕಾರ್ಡಿನ ಪ್ರತಿ ಸಾಲಿಗೂ ಒಂದು ಕಾರಣ ಇರಬೇಕು: ಪಾರ್ಟ್ಸ್, ಲೇಬರ್, 'ಇದೂ ಮಾಡಿಸಿ' ಓದುವ ಕ್ರಮ

ಕಳೆದ ವರ್ಷ ಅಕ್ಕ ತನ್ನ ಕಾರನ್ನು 40,000 ಕಿಲೋಮೀಟರ್ ಸರ್ವಿಸಿಗೆ ಬಿಟ್ಟಳು. ಒಂದು ಗಂಟೆ ಬಿಟ್ಟು ನನಗೆ ಜಾಬ್ ಕಾರ್ಡಿನ, ಅಂದರೆ ಗಾಡಿಗೆ ಮಾಡುವ ಕೆಲಸಗಳನ್ನೆಲ್ಲ ಸರ್ವಿಸ್‌ನವರು ಬರೆದುಕೊಡುವ ಹಾಳೆಯ, ಫೋಟೋ ಕಳಿಸಿದಳು. "ಇದ್ರಲ್ಲಿ ಯಾವುದು ಬೇಕು, ಯಾವುದು ಬೇಡ ಅಂತ ಟಿಕ್ ಹಾಕಿ ಕೊಡೋ" ಅಂದಳು. ನಾನು ಕೆಲವು ವರ್ಷ ಸರ್ವಿಸ್ ಕೌಂಟರಿನ ಆ ಕಡೆ ಕೂತು ಇಂಥ ಕಾರ್ಡುಗಳನ್ನು ಬರೆದವನು. ಆದರೂ ಫೋಟೋ ನೋಡಿ ತಕ್ಷಣ ಟಿಕ್ ಹಾಕಲು ಆಗಲಿಲ್ಲ. ಯಾಕೆಂದರೆ ಕಾರ್ಡಿನಲ್ಲಿ ಏನೇನು ಮಾಡುತ್ತಾರೆ ಅಂತ ಇತ್ತು, ಯಾಕೆ ಮಾಡುತ್ತಾರೆ ಅಂತ ಇರಲಿಲ್ಲ.

ಕಾರ್ಡ್ ಓದುವುದು ಅಂದರೆ ಆ 'ಯಾಕೆ'ಯನ್ನು ಹುಡುಕುವುದು. ಕಾರ್ಡಿನಲ್ಲಿರುವ ಯಾವುದೇ ಸಾಲಿಗೆ ಮೂರರಲ್ಲಿ ಒಂದು ಕಾರಣ ಇರಬೇಕು. ಒಂದೋ ನೀವು ಹೇಳಿದ ತೊಂದರೆ. ಇಲ್ಲವೇ ಗಾಡಿಯ ಓನರ್ಸ್ ಮ್ಯಾನುಯಲ್‌ನಲ್ಲಿರುವ ಸರ್ವಿಸ್ ಪಟ್ಟಿ. ಅದೂ ಅಲ್ಲದಿದ್ದರೆ ಮೆಕ್ಯಾನಿಕ್ ಅಳೆದು ನೋಡಿದ ಒಂದು ಅಳತೆ. ಈ ಮೂರಕ್ಕೂ ಸೇರದ ಸಾಲು ಇದ್ದರೆ ಅದರ ಬಗ್ಗೆ ಕೇಳಲೇಬೇಕು. ಅಕ್ಕನ ಕಾರ್ಡನ್ನೇ ಇಟ್ಟುಕೊಂಡು ಹೇಗೆ ಓದುವುದು ಅಂತ ಹೇಳುತ್ತೇನೆ.

ಮೊದಲು ಮೇಲ್ಭಾಗ: ನಿಮ್ಮ ಮಾತು ಹಾಗೇ ಬಂದಿದೆಯಾ?

ಎಲ್ಲರೂ ನೇರವಾಗಿ ಕೆಳಗಿನ ಮೊತ್ತಕ್ಕೆ ಹೋಗುತ್ತಾರೆ. ಮೇಲಿಂದ ಶುರು ಮಾಡಿ. ಗಾಡಿ ನಂಬರ್, ಚಾಸಿಸ್ ನಂಬರ್, ಓಡೋಮೀಟರ್ ರೀಡಿಂಗ್ ಸರಿ ಇದೆಯಾ ನೋಡಿ. ಚಾಸಿಸ್ ನಂಬರ್ ತಪ್ಪಾದರೆ ಬೇರೆ ಮಾದರಿಯ ಪಾರ್ಟ್ ಬರಬಹುದು. ರೀಡಿಂಗ್ ತಪ್ಪಾದರೆ ಸರ್ವಿಸ್ ಪಟ್ಟಿಯೇ ಬದಲಾಗುತ್ತದೆ. ಇದಕ್ಕೆ ಅರ್ಧ ನಿಮಿಷ ಸಾಕು.

ಅದರ ಕೆಳಗಿರುವ ಕಂಪ್ಲೇಂಟ್ ಭಾಗಕ್ಕೆ ಮಾತ್ರ ಸಮಯ ಕೊಡಿ. ಅಕ್ಕ ಹೇಳಿದ್ದು ಹೀಗೆ: "ಬ್ರೇಕ್ ಹಿಡಿದಾಗ ಮುಂದಿನ ಎಡ ಚಕ್ರದ ಕಡೆಯಿಂದ ಕೀಚ್ ಅಂತ ಸದ್ದು ಬರುತ್ತೆ. ದಿನವಿಡೀ ಬರುತ್ತೆ, ಬೆಳಿಗ್ಗೆ ಮಾತ್ರ ಅಲ್ಲ." ಕಾರ್ಡಿನಲ್ಲಿ ಇದ್ದದ್ದು 'ಬ್ರೇಕ್ ಚೆಕ್' ಅಂತ ಎರಡೇ ಪದ.

ಇವೆರಡರ ನಡುವೆ ತುಂಬಾ ವ್ಯತ್ಯಾಸ ಇದೆ. ಕೆಲಸ ಮಾಡುವ ಮೆಕ್ಯಾನಿಕ್ ನಿಮ್ಮನ್ನು ನೋಡಿರುವುದಿಲ್ಲ, ಕಾರ್ಡನ್ನಷ್ಟೇ ನೋಡುತ್ತಾನೆ. ರಾತ್ರಿಯ ತೇವಕ್ಕೆ ಡಿಸ್ಕ್ ಮೇಲೆ ತೆಳುವಾಗಿ ತುಕ್ಕು ಹಿಡಿದು, ಬೆಳಿಗ್ಗೆ ಮೊದಲ ನಾಲ್ಕೈದು ಸಲ ಬ್ರೇಕ್ ಹಿಡಿದಾಗ ಸದ್ದು ಬರುವುದು ಮಾಮೂಲು. ಅದು ತಾನೇ ಉಜ್ಜಿ ಹೋಗುತ್ತದೆ. ದಿನವಿಡೀ ಒಂದೇ ಚಕ್ರದಿಂದ ಬರುವ ಸದ್ದು ಬೇರೆ ವಿಷಯ. 'ಎಡ', 'ದಿನವಿಡೀ' ಅನ್ನುವ ಎರಡು ಪದ ಬಿಟ್ಟುಹೋದರೆ ಹುಡುಕಾಟವೇ ದಾರಿ ತಪ್ಪುತ್ತದೆ. ಹಾಗಾಗಿ ಕಾರ್ಡ್ ಬರೆದ ಸರ್ವಿಸ್ ಅಡ್ವೈಸರ್‌ಗೆ ಫೋನ್ ಮಾಡಿ ಆ ಸಾಲನ್ನು ಅಕ್ಕನ ಮಾತಿನಲ್ಲೇ ಬರೆಸಿದೆವು. ನೀವು ಸಹಿ ಹಾಕುವ ಮೊದಲೇ ಇದನ್ನು ಮಾಡಿಬಿಡಿ. ಯಾವ ಚಕ್ರ, ಯಾವಾಗ, ಎಷ್ಟು ವೇಗದಲ್ಲಿ, ಗಾಡಿ ಬಿಸಿ ಇದ್ದಾಗಲೋ ತಣ್ಣಗಿದ್ದಾಗಲೋ, ಇಷ್ಟು ಇದ್ದರೆ ಸಾಕು. 'ಪ್ಯಾಡ್ ಹಾಕಿ' ಅಂತ ನೀವೇ ಔಷಧಿ ಬರೆಸಬೇಡಿ. ಹಾಗೆ ಬರೆಸಿದರೆ ಅವರು ಪ್ಯಾಡ್ ಹಾಕಿ ಕೊಡುತ್ತಾರೆ. ಸದ್ದು ಹೋಗದಿದ್ದರೆ ಆಮೇಲೆ ಅವರನ್ನು ಕೇಳಲು ನಿಮ್ಮ ಹತ್ತಿರ ಏನೂ ಇರುವುದಿಲ್ಲ.

ಎರಡನೆಯದು ಪಾರ್ಟ್ಸ್: ಹೆಸರಿಗಿಂತ ಮೊದಲು ಪ್ರಮಾಣ ನೋಡಿ

ಪಾರ್ಟ್ಸ್ ಪಟ್ಟಿಯಲ್ಲಿ ಪಾರ್ಟ್ ನಂಬರ್, ಹೆಸರು, ಎಷ್ಟು, ದರ ಅಂತ ಕಾಲಮ್‌ಗಳಿರುತ್ತವೆ. ನಂಬರ್ ನಮಗೆ ಅರ್ಥ ಆಗುವುದಿಲ್ಲ, ಆದರೆ ಅದು ಇರಲೇಬೇಕು. ಕೊನೆಯ ಬಿಲ್ಲಿನಲ್ಲಿ ಅದೇ ನಂಬರ್ ಬಂದಿದೆಯಾ ಅಂತ ಹೋಲಿಸಲು ಅದೇ ದಾರಿ.

ಅಕ್ಕನ ಕಾರ್ಡಿನಲ್ಲಿ ಐದು ಪಾರ್ಟ್ ಇದ್ದವು. ಎಂಜಿನ್ ಆಯಿಲ್ 4 ಲೀಟರ್, ಆಯಿಲ್ ಫಿಲ್ಟರ್ 1, ಏರ್ ಫಿಲ್ಟರ್ 1, ಎಸಿ ಫಿಲ್ಟರ್ 1, ಮುಂದಿನ ಬ್ರೇಕ್ ಪ್ಯಾಡ್ 1.

ಆಯಿಲ್ ತೆಗೆದುಕೊಳ್ಳಿ. ಮ್ಯಾನುಯಲ್‌ನ ಕೊನೆಯ ಪುಟಗಳಲ್ಲಿ ಎಷ್ಟು ಆಯಿಲ್ ಹಿಡಿಯುತ್ತದೆ ಅಂತ ಇರುತ್ತದೆ. ಅಲ್ಲಿ ಎರಡು ಅಂಕಿ ಇರಬಹುದು, ಫಿಲ್ಟರ್ ಬದಲಿಸಿದಾಗ ಎಷ್ಟು, ಬದಲಿಸದಿದ್ದಾಗ ಎಷ್ಟು ಅಂತ. ಫಿಲ್ಟರ್ ಬದಲಿಸುವ ಅಂಕಿಯನ್ನೇ ನೋಡಿ. ಅಕ್ಕನ ಗಾಡಿಗೆ ಅದು 3.6 ಲೀಟರ್. ಕಾರ್ಡಿನಲ್ಲಿ 4 ಇತ್ತು. ಇದು ಮೋಸ ಅಂತ ಅಂದುಕೊಳ್ಳಬೇಡಿ. ಡಬ್ಬಿಯಲ್ಲಿ ಬರುವ ಆಯಿಲ್ ಆದರೆ ಪೂರ್ತಿ ಡಬ್ಬಿಗೇ ಬಿಲ್ ಆಗುತ್ತದೆ, ಆಗ ಉಳಿದ 0.4 ಲೀಟರ್ ನಿಮ್ಮದು, ಕೇಳಿ ತೆಗೆದುಕೊಳ್ಳಿ. ಬ್ಯಾರೆಲ್‌ನಿಂದ ಅಳೆದು ಹಾಕುವುದಾದರೆ 3.6 ಅಂತಲೇ ಬರಬೇಕು. 'ಡಬ್ಬೀನಾ, ಬ್ಯಾರೆಲ್ಲಾ' ಅನ್ನುವ ಒಂದೇ ಪ್ರಶ್ನೆ ಸಾಕು.

ಬ್ರೇಕ್ ಪ್ಯಾಡ್ 1 ಅಂತ ನೋಡಿ ಅಕ್ಕ ಗಾಬರಿಯಾದಳು, ಒಂದೇ ಚಕ್ರಕ್ಕೆ ಹಾಕುತ್ತಾರಾ ಅಂತ. ಇಲ್ಲ, ಆ 1 ಅಂದರೆ ಒಂದು ಸೆಟ್. ಎಡಕ್ಕೆ ಎರಡು, ಬಲಕ್ಕೆ ಎರಡು, ಒಟ್ಟು ನಾಲ್ಕು ಪ್ಯಾಡ್. ಪ್ಯಾಡ್‌ಗಳನ್ನು ಯಾವಾಗಲೂ ಎರಡೂ ಕಡೆಗೆ ಒಟ್ಟಿಗೇ ಹಾಕುತ್ತಾರೆ, ಇಲ್ಲದಿದ್ದರೆ ಬ್ರೇಕ್ ಹಿಡಿದಾಗ ಗಾಡಿ ಒಂದು ಕಡೆಗೆ ಎಳೆಯಬಹುದು. ಅಲ್ಲಿ 2 ಅಂತ ಇದ್ದಿದ್ದರೆ ಅದು ಎರಡು ಸೆಟ್, ಆಗ ಹಿಂದಿನ ಚಕ್ರಕ್ಕೂ ಹಾಕುತ್ತಿದ್ದೀರಾ ಅಂತ ಕೇಳಬೇಕಿತ್ತು.

ಇನ್ನೊಂದು ವಿಷಯ ಹೇಳಬೇಕು. ಕಾರ್ಡಿನಲ್ಲಿ ಇರುವುದನ್ನಷ್ಟೇ ಅಲ್ಲ, ಇಲ್ಲದ್ದನ್ನೂ ಓದಬೇಕು. ಆಯಿಲ್ ಇಳಿಸುವ ಬೋಲ್ಟಿಗೆ ಒಂದು ಸಣ್ಣ ವಾಷರ್ ಇರುತ್ತದೆ. ಬೋಲ್ಟ್ ಬಿಗಿ ಮಾಡಿದಾಗ ಅದು ಸ್ವಲ್ಪ ಚಪ್ಪಟೆಯಾಗಿ ಕೂತು ಆಯಿಲ್ ಸೋರದಂತೆ ತಡೆಯುತ್ತದೆ. ಬಹಳಷ್ಟು ಗಾಡಿಗಳಲ್ಲಿ ಪ್ರತಿ ಸಲ ಹೊಸದು ಹಾಕಬೇಕು. ಅಕ್ಕನ ಕಾರ್ಡಿನಲ್ಲಿ ಅದು ಇರಲೇ ಇಲ್ಲ. ಅಂದರೆ ಹಳೆಯದನ್ನೇ ಹಾಕುವ ಯೋಚನೆ ಇರಬಹುದು. ಇಡೀ ಪಟ್ಟಿಯಲ್ಲಿ ಅತಿ ಕಡಿಮೆ ಬೆಲೆಯ ಪಾರ್ಟ್ ಅದು. ಅದನ್ನು ನಾವೇ ಕೇಳಿ ಸೇರಿಸಿದೆವು.

ಮೂರನೆಯದು ಲೇಬರ್: ಒಂದೇ ಬಿಚ್ಚುವ ಕೆಲಸ ಎರಡು ಸಲ ಲೆಕ್ಕ ಆಗಿದೆಯಾ?

ನನ್ನ ಅನುಭವದಲ್ಲಿ ಜಾಸ್ತಿ ತಪ್ಪು ಆಗುವುದು ಇಲ್ಲೇ. ಬಹುತೇಕ ಸಲ ಬೇಕಂತ ಮಾಡಿದ್ದಲ್ಲ. ಅಡ್ವೈಸರ್ ಕಂಪ್ಯೂಟರಿನಲ್ಲಿ ಒಂದೊಂದೇ ಕೆಲಸ ಆರಿಸುತ್ತಾ ಹೋಗುತ್ತಾನೆ, ಪ್ರತಿ ಕೆಲಸವೂ ತನ್ನ ಪೂರ್ತಿ ಸಮಯದ ಜೊತೆ ಬಂದು ಕೂರುತ್ತದೆ. ಒಂದರೊಳಗೆ ಇನ್ನೊಂದು ಸೇರಿದೆ ಅಂತ ಯಾರೂ ನೋಡುವುದಿಲ್ಲ.

ಮೊದಲು ಅಂಕಿಗಳನ್ನು ಅರ್ಥ ಮಾಡಿಕೊಳ್ಳಿ. ಲೇಬರ್ ಸಾಮಾನ್ಯವಾಗಿ ಗಂಟೆಯ ಹತ್ತನೇ ಭಾಗದಲ್ಲಿ ಬರುತ್ತದೆ. 0.1 ಅಂದರೆ 6 ನಿಮಿಷ. 0.8 ಅಂದರೆ 48 ನಿಮಿಷ. ಇದು ಬಹಳ ಕಡೆ ಮೊದಲೇ ಗೊತ್ತುಮಾಡಿದ ಸಮಯ, ಗಡಿಯಾರ ನೋಡಿ ಬರೆದದ್ದಲ್ಲ. 0.8 ಗಂಟೆಯ ಕೆಲಸವನ್ನು ಪಳಗಿದ ಮೆಕ್ಯಾನಿಕ್ ಅರ್ಧ ಗಂಟೆಯಲ್ಲಿ ಮುಗಿಸಿದರೂ 0.8ಕ್ಕೇ ಬಿಲ್. ಬೋಲ್ಟ್ ತುಕ್ಕು ಹಿಡಿದು ಒಂದೂವರೆ ಗಂಟೆ ಹಿಡಿದರೂ 0.8ಕ್ಕೇ. ಹಾಗಾಗಿ 'ಇಷ್ಟು ಬೇಗ ಮುಗಿಸಿದ್ರಿ, ಯಾಕೆ ಇಷ್ಟು ಲೇಬರ್' ಅಂತ ವಾದ ಮಾಡುವುದು ಸರಿಯಲ್ಲ. ಕೆಲವು ಕಡೆ ನಿಜವಾಗಿ ಹಿಡಿದ ಸಮಯಕ್ಕೇ ಹಾಕುತ್ತಾರೆ. ನಿಮ್ಮ ಕಾರ್ಡಿನಲ್ಲಿ ಯಾವ ಪದ್ಧತಿ ಅಂತ ಮೊದಲೇ ಕೇಳಿಟ್ಟುಕೊಳ್ಳಿ.

ಅಕ್ಕನ ಕಾರ್ಡಿನ ಲೇಬರ್ ಹೀಗಿತ್ತು:

- 40,000 ಕಿಲೋಮೀಟರ್ ಸರ್ವಿಸ್: 1.6
- ಎಂಜಿನ್ ಆಯಿಲ್, ಫಿಲ್ಟರ್ ಬದಲಾವಣೆ: 0.4
- ಎಸಿ ಫಿಲ್ಟರ್ ಬದಲಾವಣೆ: 0.2
- ಮುಂದಿನ ಬ್ರೇಕ್ ಪ್ಯಾಡ್ ಬದಲಾವಣೆ: 0.8
- ಮುಂದಿನ ಕ್ಯಾಲಿಪರ್ ಸರ್ವಿಸ್: 0.6

ಒಟ್ಟು 3.6 ಗಂಟೆ. ಈಗ ಒಂದೊಂದೇ ನೋಡೋಣ. ಮೊದಲ ಸಾಲು ಒಂದು ಪ್ಯಾಕೇಜ್. ಅದರೊಳಗೆ ಏನೇನಿದೆ ಅಂತ ಕೇಳಿದೆ. ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಎಸಿ ಫಿಲ್ಟರ್ ಬದಲಿಸುವುದು, ಜೊತೆಗೆ ಒಂದಷ್ಟು ತಪಾಸಣೆ ಅಂದರು. ಹಾಗಿದ್ದರೆ ಎರಡನೇ, ಮೂರನೇ ಸಾಲು ಮತ್ತೆ ಯಾಕೆ? ಅಡ್ವೈಸರ್ ತಾವೇ ನೋಡಿ, "ಹೌದು ಸರ್, ಅದು ಪ್ಯಾಕೇಜಲ್ಲೇ ಇದೆ, ತೆಗೀತೀನಿ" ಅಂದರು. ಅಲ್ಲಿಗೆ 0.6 ಹೋಯಿತು.

ಕೊನೆಯ ಎರಡು ಸಾಲು ಸ್ವಲ್ಪ ಸೂಕ್ಷ್ಮ. ಪ್ಯಾಡ್ ಬದಲಿಸಬೇಕಾದರೆ ಗಾಡಿ ಎತ್ತಬೇಕು, ಚಕ್ರ ಬಿಚ್ಚಬೇಕು, ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ತೆರೆಯಬೇಕು. ಕ್ಯಾಲಿಪರ್ ಸರ್ವಿಸ್ ಮಾಡಬೇಕಾದರೂ ಅದನ್ನೇ ಮಾಡಬೇಕು. ಎರಡನ್ನೂ ಬೇರೆ ಬೇರೆ ದಿನ ಮಾಡಿದರೆ 0.8 ಮತ್ತು 0.6 ಸರಿ. ಒಂದೇ ದಿನ, ಒಂದೇ ಸಲ ಬಿಚ್ಚಿದಾಗ ಮಾಡಿದರೆ ಎರಡನೆಯದಕ್ಕೆ ಉಳಿಯುವುದು ಪಿನ್ ತೆಗೆದು ಸ್ವಚ್ಛ ಮಾಡಿ, ಗ್ರೀಸ್ ಹಚ್ಚಿ, ವಾಪಸ್ ಹಾಕುವ ಕೆಲಸ ಅಷ್ಟೇ. ಅದನ್ನು ಹೇಳಿದಾಗ 0.6 ಇದ್ದದ್ದು 0.3 ಆಯಿತು.

ಅಂದರೆ 1.6, 0.8, 0.3 ಸೇರಿ 2.7 ಗಂಟೆ. ಲೇಬರಿನಲ್ಲಿ ಕಾಲು ಭಾಗ ಕಡಿಮೆ. ಯಾರ ಜೊತೆಯೂ ಜಗಳ ಆಡಲಿಲ್ಲ, ದರದ ಬಗ್ಗೆ ಚೌಕಾಸಿ ಮಾಡಲಿಲ್ಲ. ನಾವು ಕೇಳಿದ ಪ್ರಶ್ನೆ ಎರಡೇ. 'ಈ ಪ್ಯಾಕೇಜಿನಲ್ಲಿ ಏನೇನು ಸೇರಿದೆ?' ಮತ್ತು 'ಈ ಎರಡು ಕೆಲಸಕ್ಕೆ ಬಿಚ್ಚುವುದು ಒಂದೇ ಅಲ್ವಾ?' ದೊಡ್ಡ ಕೆಲಸಗಳಲ್ಲಿ ಎರಡನೇ ಪ್ರಶ್ನೆಗೆ ಇನ್ನೂ ಬೆಲೆ ಜಾಸ್ತಿ. ಕ್ಲಚ್ ಬದಲಿಸಲು ಗೇರ್‌ಬಾಕ್ಸ್ ಇಳಿಸಿದಾಗ ಅಲ್ಲೇ ಇರುವ ಎಂಜಿನ್ ಹಿಂಭಾಗದ ಆಯಿಲ್ ಸೀಲನ್ನೂ ಹಾಕಿದರೆ, ಗೇರ್‌ಬಾಕ್ಸ್ ಇಳಿಸುವ ಲೇಬರ್ ಇನ್ನೊಂದು ಸಲ ಬರಬಾರದು.

ನಾಲ್ಕನೆಯದು 'ಇದೂ ಮಾಡಿಸಿ': ಅಳತೆ ಕೇಳಿ

ಗಾಡಿ ಎತ್ತಿ ನೋಡಿದ ಮೇಲೆ ಸಲಹೆಯ ಕೆಲಸಗಳ ಪಟ್ಟಿ ಬರುತ್ತದೆ. ಇದು ಸಾಮಾನ್ಯವಾಗಿ ಫೋನಿನಲ್ಲಿ ಬರುತ್ತದೆ, ನೀವು ಆಫೀಸಿನಲ್ಲೋ ಬಸ್ಸಿನಲ್ಲೋ ಇರುತ್ತೀರಿ, 'ಆಯ್ತು ಮಾಡಿ' ಅಂದುಬಿಡುತ್ತೀರಿ. ಹಾಗೆ ಹೇಳಬೇಡಿ. 'ಪಟ್ಟಿ ಕಳಿಸಿ, ಪ್ರತಿಯೊಂದಕ್ಕೂ ಅಳತೆ ಬರೆದು ಕಳಿಸಿ' ಅನ್ನಿ. 'ಸವೆದಿದೆ', 'ವೀಕ್ ಆಗಿದೆ', 'ಮಾಡಿಸಿದ್ರೆ ಒಳ್ಳೇದು' ಅನ್ನುವುದು ಅಳತೆ ಅಲ್ಲ. ಅಳತೆ ಅಂದರೆ ಈಗ ಎಷ್ಟಿದೆ, ಹೊಸದರಲ್ಲಿ ಎಷ್ಟಿತ್ತು, ಯಾವ ಮಿತಿಗೆ ಬಂದಾಗ ಬದಲಿಸಬೇಕು ಅನ್ನುವ ಮೂರು ಅಂಕಿ.

ಪ್ಯಾಡ್ ವಿಷಯವನ್ನೇ ತೆಗೆದುಕೊಳ್ಳಿ, ಅಕ್ಕನ ಗಾಡಿಯ ನಿಜವಾದ ಕಥೆ ಇರುವುದು ಅಲ್ಲೇ. ಮೊದಲು ಬಂದ ಉತ್ತರ 'ಪ್ಯಾಡ್ 6 ಮಿಲಿಮೀಟರ್ ಇದೆ' ಅಂತ. ಹೊಸ ಪ್ಯಾಡಿನ ಸವೆಯುವ ಪದರ ಆ ಗಾಡಿಯಲ್ಲಿ 11 ಮಿಲಿಮೀಟರ್, ಮಿತಿ 2. ಹಾಗಾದರೆ 40,000 ಕಿಲೋಮೀಟರಿನಲ್ಲಿ 5 ಮಿಲಿಮೀಟರ್ ಸವೆದಿದೆ, ಒಂದು ಮಿಲಿಮೀಟರಿಗೆ 8,000 ಕಿಲೋಮೀಟರ್. ಇನ್ನೂ 4 ಮಿಲಿಮೀಟರ್ ಉಳಿದಿದೆ, ಅಂದರೆ ಸುಮಾರು 32,000 ಕಿಲೋಮೀಟರ್ ಬರುತ್ತದೆ. ಈ ಲೆಕ್ಕ ನೋಡಿದರೆ ಈಗ ಪ್ಯಾಡ್ ಬದಲಿಸುವುದೇ ಬೇಡ.

ಆದರೆ ಸದ್ದು ಎಡದಿಂದ ಬರುತ್ತಿತ್ತು. ಹಾಗಾಗಿ ನಾಲ್ಕೂ ಪ್ಯಾಡಿನ ಅಳತೆ ಬೇರೆ ಬೇರೆಯಾಗಿ ಕೇಳಿದೆ. ಬಲಗಡೆ ಒಳಗಿನದು, ಹೊರಗಿನದು ಎರಡೂ 6. ಎಡಗಡೆ ಹೊರಗಿನದು 6, ಒಳಗಿನದು 3. ಚಕ್ರದ ಸಂದಿಯಲ್ಲಿ ಕಾಣುವುದು ಹೊರಗಿನ ಪ್ಯಾಡ್ ಮಾತ್ರ. ಒಳಗಿನದು ಅರ್ಧಕ್ಕೆ ಇಳಿದಿದ್ದರೂ ಹೊರಗಿನಿಂದ ನೋಡಿದವರಿಗೆ ಗೊತ್ತಾಗುವುದಿಲ್ಲ.

ಒಂದೇ ಚಕ್ರದಲ್ಲಿ ಒಂದು ಪ್ಯಾಡ್ ಇನ್ನೊಂದಕ್ಕಿಂತ ಇಷ್ಟು ಜಾಸ್ತಿ ಸವೆದಿದ್ದರೆ ಮೊದಲು ಅನುಮಾನ ಪಡಬೇಕಾದ್ದು ಕ್ಯಾಲಿಪರ್ ಜಾರುವ ಪಿನ್ನುಗಳನ್ನು. ಈ ಥರದ ಬ್ರೇಕಿನಲ್ಲಿ ಪಿಸ್ಟನ್ ಒಳಗಿನ ಪ್ಯಾಡನ್ನು ನೂಕುತ್ತದೆ. ಕ್ಯಾಲಿಪರ್ ಪಿನ್ನಿನ ಮೇಲೆ ಜಾರಿ ಹೊರಗಿನ ಪ್ಯಾಡನ್ನು ಎಳೆದುಕೊಳ್ಳುತ್ತದೆ. ಗ್ರೀಸ್ ಒಣಗಿ ಪಿನ್ ಹಿಡಿದುಕೊಂಡರೆ ಕೆಲಸವೆಲ್ಲ ಒಳಗಿನ ಪ್ಯಾಡಿನ ಮೇಲೆ ಬೀಳುತ್ತದೆ.

ಈಗ ಲೆಕ್ಕ ಬದಲಾಯಿತು. ಎಡ ಒಳಗಿನ ಪ್ಯಾಡ್ 8 ಮಿಲಿಮೀಟರ್ ಸವೆದಿದೆ, ಒಂದು ಮಿಲಿಮೀಟರಿಗೆ 5,000 ಕಿಲೋಮೀಟರ್. ಉಳಿದಿರುವುದು 1 ಮಿಲಿಮೀಟರ್. ಮುಂದಿನ ಸರ್ವಿಸ್ 50,000ಕ್ಕೆ. ಅಲ್ಲಿಯವರೆಗೆ ಬರುವುದಿಲ್ಲ. ಪಿನ್ ಹಿಡಿದುಕೊಂಡದ್ದು ಇತ್ತೀಚೆಗೆ ಆದರೆ ಇನ್ನೂ ಬೇಗ ಮುಗಿಯುತ್ತದೆ. ಹಾಗಾಗಿ ಪ್ಯಾಡ್ ಬೇಕೇ ಬೇಕು. ಅದಕ್ಕಿಂತ ಮುಖ್ಯವಾಗಿ, ಸುಮ್ನೆ ಸೇರಿಸಿದಂತೆ ಕಾಣುತ್ತಿದ್ದ ಕ್ಯಾಲಿಪರ್ ಸರ್ವಿಸ್ ಸಾಲೇ ಇಲ್ಲಿ ನಿಜವಾದ ರಿಪೇರಿ. ಅದನ್ನು ಹೊಡೆದುಹಾಕಿ ಬರೀ ಪ್ಯಾಡ್ ಹಾಕಿಸಿದ್ದರೆ ಹೊಸ ಪ್ಯಾಡೂ ಹಾಗೇ ಸವೆಯುತ್ತಿತ್ತು. ಹೆಚ್ಚುವರಿ ಕೆಲಸ ಅಂದ ಕೂಡಲೇ ಬೇಡ ಅನ್ನುವವರಿಗೆ ನಾನು ಯಾವಾಗಲೂ ಈ ಉದಾಹರಣೆ ಕೊಡುತ್ತೇನೆ.

ಅಕ್ಕನಿಗೆ ಬಂದ ಉಳಿದ ಸಲಹೆಗಳು ನಾಲ್ಕು. ಮುಂದಿನ ಎರಡು ಡಿಸ್ಕ್, ಬ್ರೇಕ್ ಆಯಿಲ್, ಇಂಜೆಕ್ಟರ್ ಕ್ಲೀನಿಂಗ್, ಎಂಜಿನ್ ಫ್ಲಶ್.

ಡಿಸ್ಕಿಗೆ ಕನಿಷ್ಠ ದಪ್ಪ ಎಷ್ಟಿರಬೇಕು ಅನ್ನುವುದು ಸಾಮಾನ್ಯವಾಗಿ ಡಿಸ್ಕಿನ ಮೇಲೇ ಅಚ್ಚಾಗಿರುತ್ತದೆ, `MIN TH` ಅಂತ. ಅಕ್ಕನ ಗಾಡಿಯ ಡಿಸ್ಕ್ ಹೊಸದರಲ್ಲಿ 22 ಮಿಲಿಮೀಟರ್, ಕನಿಷ್ಠ 20. ಅಳೆದಾಗ ಎಡದ್ದು 20.9, ಬಲದ್ದು 21.3. ಆಳವಾದ ಗೀರು, ಬಿರುಕು ಇರಲಿಲ್ಲ, ಬ್ರೇಕ್ ಹಿಡಿದಾಗ ಪೆಡಲ್ ನಡುಗುತ್ತಿರಲಿಲ್ಲ. ಹಾಗಾಗಿ ಬೇಡ ಅಂದೆವು, ಆದರೆ ಅಳತೆಯನ್ನು ಕಾರ್ಡಿನಲ್ಲಿ ಬರೆಸಿಕೊಂಡೆವು.

ಬ್ರೇಕ್ ಆಯಿಲ್ ವಿಷಯದಲ್ಲಿ ಕಿಲೋಮೀಟರಿಗಿಂತ ವರ್ಷ ಮುಖ್ಯ. ಅದು ಗಾಳಿಯಿಂದ ನೀರಿನಂಶ ಹೀರಿಕೊಳ್ಳುತ್ತದೆ, ಗಾಡಿ ನಿಂತಿದ್ದರೂ ಹೀರಿಕೊಳ್ಳುತ್ತದೆ. ನೀರು ಸೇರಿದಷ್ಟೂ ಕಡಿಮೆ ಬಿಸಿಗೇ ಕುದಿಯುತ್ತದೆ. ಡಾಟ್ 4 ದರ್ಜೆಯದು ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ನೀರಿನಂಶ 3.7 ಶೇಕಡಾ ಸೇರಿದ ಮೇಲೆ ಆ ಮಿತಿ 155 ಡಿಗ್ರಿ. ಇಳಿಜಾರಿನಲ್ಲಿ ಬ್ರೇಕ್ ಕಾದಾಗ ಆಯಿಲ್ ಕುದಿದು ಆವಿ ಆದರೆ ಪೆಡಲ್ ಮೆತ್ತಗಾಗಿ ಕೆಳಗೆ ಹೋಗುತ್ತದೆ. ಅಕ್ಕನ ಮ್ಯಾನುಯಲ್ 2 ವರ್ಷಕ್ಕೊಮ್ಮೆ ಬದಲಿಸಿ ಅನ್ನುತ್ತದೆ. ಗಾಡಿಗೆ ಮೂರು ವರ್ಷ, ಒಮ್ಮೆಯೂ ಬದಲಿಸಿರಲಿಲ್ಲ. ಇದಕ್ಕೆ ಎರಡನೇ ಮಾತಿಲ್ಲದೆ ಹೂಂ ಅಂದೆವು. 0.7 ಗಂಟೆ ಲೇಬರ್ ಸೇರಿತು, ಒಟ್ಟು 3.4 ಆಯಿತು.

ಇಂಜೆಕ್ಟರ್ ಕ್ಲೀನಿಂಗ್ ಮ್ಯಾನುಯಲ್ ಪಟ್ಟಿಯಲ್ಲಿ ಇರಲಿಲ್ಲ. ಎಂಜಿನ್ ನಿಂತಲ್ಲಿ ನಡುಗುವುದು, ಎಳೆತ ಕಡಿಮೆಯಾಗುವುದು, ವಾರ್ನಿಂಗ್ ಲೈಟ್ ಬರುವುದು, ಇದ್ಯಾವುದೂ ಇರಲಿಲ್ಲ. ಎಂಜಿನ್ ಫ್ಲಶ್ ಕೂಡ ಪಟ್ಟಿಯಲ್ಲಿಲ್ಲ, ಆಯಿಲ್ ಪ್ರತಿ ಸಲ ಸರಿಯಾದ ಸಮಯಕ್ಕೆ ಬದಲಾಗಿದೆ. ತೊಂದರೆ, ಪಟ್ಟಿ, ಅಳತೆ ಮೂರೂ ಇಲ್ಲ. ಎರಡನ್ನೂ ಬಿಟ್ಟೆವು.

ಮ್ಯಾನುಯಲ್ ಪಟ್ಟಿ ನೋಡುವಾಗ ಒಂದು ಎಚ್ಚರ. ಅಲ್ಲಿ ಪ್ರತಿ ಕೆಲಸದ ಮುಂದೆ ಒಂದೊಂದು ಅಕ್ಷರ ಇರುತ್ತದೆ. ಬಹಳಷ್ಟು ಮ್ಯಾನುಯಲ್‌ಗಳಲ್ಲಿ `I` ಅಂದರೆ ತಪಾಸಣೆ, `R` ಅಂದರೆ ಬದಲಾವಣೆ. ನಿಮ್ಮದರಲ್ಲಿ ಯಾವುದಕ್ಕೆ ಏನರ್ಥ ಅಂತ ಪಟ್ಟಿಯ ಕೆಳಗೇ ಬರೆದಿರುತ್ತದೆ. '40,000ಕ್ಕೆ ಇದು ಮ್ಯಾನುಯಲ್‌ನಲ್ಲೇ ಇದೆ' ಅಂತ ಹೇಳಿದರೆ, ಅಲ್ಲಿ ಇರುವುದು ತಪಾಸಣೆಯೋ ಬದಲಾವಣೆಯೋ ನೋಡಿ. ತಪಾಸಣೆ ಅಂತಿದ್ದರೆ ಮತ್ತೆ ಅಳತೆ ಕೇಳುವುದೇ ದಾರಿ. ಹಾಗೆಯೇ, ಪಟ್ಟಿಯಲ್ಲಿ ಕಿಲೋಮೀಟರ್ ಮತ್ತು ತಿಂಗಳು ಎರಡೂ ಇರುತ್ತದೆ, ಯಾವುದು ಮೊದಲು ಬರುತ್ತದೋ ಅದೇ ಲೆಕ್ಕ.

ಕೆಲಸ ಶುರುವಾಗುವ ಮೊದಲು, ಮುಗಿದ ಮೇಲೆ

ತೆಗೆದ ಹಳೆಯ ಪಾರ್ಟ್ ಬೇಕು ಅನ್ನುವುದನ್ನು ಕಾರ್ಡಿನಲ್ಲಿ ಮೊದಲೇ ಬರೆಸಿ. ಸಂಜೆ ಗಾಡಿ ತೆಗೆದುಕೊಳ್ಳುವಾಗ ಕೇಳಿದರೆ ಅವು ಕಸಕ್ಕೆ ಹೋಗಿರುತ್ತವೆ. ಅಕ್ಕನಿಗೆ ನಾಲ್ಕು ಹಳೆಯ ಪ್ಯಾಡ್ ಕವರಿನಲ್ಲಿ ಹಾಕಿ ಕೊಟ್ಟರು. ಎಡ ಒಳಗಿನದು ಬೇರೆ ಮೂರರ ಅರ್ಧ ಇದ್ದದ್ದು ಕಣ್ಣಿಗೇ ಕಾಣುತ್ತಿತ್ತು.

ಬಿಲ್ ಬಂದಾಗ ಜಾಬ್ ಕಾರ್ಡನ್ನು ಪಕ್ಕದಲ್ಲಿಟ್ಟು ಸಾಲು ಸಾಲು ಹೋಲಿಸಿ. ಪಾರ್ಟ್ ನಂಬರ್, ಪ್ರಮಾಣ, ಲೇಬರ್ ಗಂಟೆ. ಕಾರ್ಡಿನಲ್ಲಿ ಇಲ್ಲದ ಸಾಲು ಬಿಲ್ಲಿನಲ್ಲಿದ್ದರೆ ನೀವು ಯಾವಾಗ ಒಪ್ಪಿದಿರಿ ಅಂತ ಕೇಳಿ. ಫೋನಿನಲ್ಲಿ ಒಪ್ಪಿದ್ದನ್ನು ಅಲ್ಲೇ ಮೆಸೇಜಿನಲ್ಲೂ ಬರೆದು ಕಳಿಸಿದ್ದರೆ ಈ ಮಾತೇ ಬರುವುದಿಲ್ಲ. 'ಕನ್ಸ್ಯೂಮಬಲ್ಸ್' ಅಂತ ಒಂದು ಸಾಲು ಇರಬಹುದು. ಬ್ರೇಕ್ ಕ್ಲೀನರ್, ಗ್ರೀಸ್, ಒರೆಸುವ ಬಟ್ಟೆ ಇಂಥದ್ದಕ್ಕೆ. ಅದು ಇರುವುದು ತಪ್ಪಲ್ಲ. ಏನೇನು ಬಳಸಿದ್ದಾರೆ ಅಂತ ಹೇಳಲು ಆಗಬೇಕು ಅಷ್ಟೇ.

ಬೇಡ ಅಂದ ಕೆಲಸಗಳನ್ನು ಕಾರ್ಡಿನ ಕೆಳಗೆ 'ಗ್ರಾಹಕರು ಬೇಡ ಅಂದರು' ಅಂತ ಬರೆದು ಸಹಿ ಕೇಳುತ್ತಾರೆ. ಹಾಕಿ, ಆದರೆ ಅಲ್ಲೇ ಅಳತೆಯನ್ನೂ ಬರೆಸಿ. ಅಕ್ಕನ ಕಾರ್ಡಿನಲ್ಲಿ 'ಡಿಸ್ಕ್ ಎಡ 20.9, ಬಲ 21.3' ಅಂತ ಇದೆ. ಆ ಕಾರ್ಡನ್ನು ಮ್ಯಾನುಯಲ್ ಜೊತೆ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಇಟ್ಟಳು.

ಮೊನ್ನೆ 50,000ದ ಸರ್ವಿಸಿಗೆ ಹೋದಾಗ ಅದನ್ನೇ ತೆಗೆದು ತೋರಿಸಿದಳು. ಈ ಸಲ ಅವಳೇ ನಾಲ್ಕೂ ಪ್ಯಾಡಿನ ಅಳತೆ ಕೇಳಿ ಬರೆಸಿಕೊಂಡಿದ್ದಾಳೆ. ಎಡ ಒಳಗೆ 9.5, ಹೊರಗೆ 9.5, ಬಲಗಡೆ ಎರಡೂ 9.5. ಪಿನ್ ಸರಿಯಾಗಿ ಜಾರುತ್ತಿದೆ. ಸದ್ದು ಮತ್ತೆ ಬಂದಿಲ್ಲ.